ಎರಡು ಬಾಟಲಿಗಳ ನಡುವಿನ ಐದು ನಿಮಿಷ

ಗ್ಲಾಕೋಮಾದ ಚೀಟಿಯಲ್ಲಿ ಡಾಕ್ಟರು ಬರೆಯುವುದು ಹೆಚ್ಚೆಂದರೆ ಮೂರು ಸಾಲು. ಒಂದು ಔಷಧದ ಮುಂದೆ ಬಿ.ಡಿ., ಇನ್ನೊಂದರ ಮುಂದೆ ಎಚ್.ಎಸ್., ಕೊನೆಗೆ ಮುಂದುವರಿಸಿ ಎನ್ನುವ ಒಂದು ಇಂಗ್ಲಿಷ್ ಪದ. ಎಪ್ಪತ್ತು ದಾಟಿದವರು ಓದಿ ಅದರಂತೆ ನಡೆಯಲು ಆಗುವ ಹಾಗೆ ಈ ಮೂರು ಸಾಲನ್ನು ಕನ್ನಡದಲ್ಲಿ ಬರೆದುಕೊಡುವುದು ಕಣ್ಣಾಸ್ಪತ್ರೆಯ ಔಷಧದ ಕೌಂಟರಿನಲ್ಲಿ ನಾನು ಮಾಡುವ ಕೆಲಸ. ದಿನದ ಉಳಿದ ಕೆಲಸವನ್ನೆಲ್ಲ ಬೇಗ ಮುಗಿಸಿ ಇದಕ್ಕೆ ಕೂರುತ್ತೇನೆ. ಅಷ್ಟು ಇಷ್ಟ.

ಅರಸೀಕೆರೆ ಕಡೆಯ ಒಬ್ಬ ಅಜ್ಜಿಗೆ ಬರೆದ ಹಾಳೆಯನ್ನೇ ತೆಗೆದುಕೊಳ್ಳೋಣ. ಅವರಿಗೆ ಎರಡು ಬಾಟಲಿ. ಒಂದರಲ್ಲಿ ಬ್ರಿಮೊನಿಡಿನ್ ಮತ್ತು ಟಿಮೊಲಾಲ್ ಸೇರಿವೆ, ಅದು ದಿನಕ್ಕೆ ಎರಡು ಸಲ. ಇನ್ನೊಂದು ಲ್ಯಾಟನೊಪ್ರೊಸ್ಟ್, ರಾತ್ರಿ ಒಂದೇ ಸಲ. ಎರಡೂ ಎರಡೂ ಕಣ್ಣಿಗೆ. ಇಂಥ ಚೀಟಿಯನ್ನು ಇದ್ದಂತೆಯೇ ಕನ್ನಡಕ್ಕೆ ತಂದರೆ 'ಎರಡು' ಎಂಬ ಮಾತು ನಾಲ್ಕು ಕಡೆ ಬಂದು ಕೂರುತ್ತದೆ. ಎರಡು ಬಾಟಲಿ, ಎರಡು ಸಲ, ಎರಡು ಕಣ್ಣು ಎಲ್ಲ ಕಲಸಿಹೋಗಿ, ಕೊನೆಗೆ ಒಂದೇ ಕಣ್ಣಿಗೆ ಎರಡು ಹನಿ ಎಂದು ತಿಳಿದುಕೊಳ್ಳುವವರು ಬೇಕಾದಷ್ಟು ಜನ. ಹಾಗಾಗಿ ನಾನು ಔಷಧದ ಹೆಸರಿನಿಂದ ಶುರು ಮಾಡುವುದಿಲ್ಲ, ಹೊತ್ತಿನಿಂದ ಶುರು ಮಾಡುತ್ತೇನೆ. 'ಬೆಳಿಗ್ಗೆ 8 ಗಂಟೆ: 1 ನಂಬರ್ ಬಾಟಲಿ. ಬಲಗಣ್ಣಿಗೆ ಒಂದು ಹನಿ. ಎಡಗಣ್ಣಿಗೆ ಒಂದು ಹನಿ.' ಬಾಟಲಿಯ ಮೇಲೆ ಅದೇ 1 ಎಂಬ ಅಂಕೆಯನ್ನು ದಪ್ಪ ಪೆನ್ನಿನಲ್ಲಿ ಬರೆದ ಚೀಟಿ ಅಂಟಿಸುತ್ತೇನೆ. ಮುಚ್ಚಳದ ಬಣ್ಣ ನೋಡಿ ಗುರುತಿಟ್ಟುಕೊಳ್ಳಿ ಎಂದು ಮಾತ್ರ ಬರೆಯುವುದಿಲ್ಲ, ಮುಂದಿನ ತಿಂಗಳು ಊರಿನ ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಬಣ್ಣವೂ ಬೇರೆಯಾಗಬಹುದು.

ರಾತ್ರಿಯ ಭಾಗಕ್ಕೆ ಬಂದಾಗ ಕೆಲಸ ನಿಜಕ್ಕೂ ರುಚಿಸತೊಡಗುತ್ತದೆ. ಅಜ್ಜಿ ಎಂಟೂವರೆಗೆ ಮಲಗುವವರು, ಎಂಟು ಗಂಟೆಗೇ ಎರಡೂ ಬಾಟಲಿ ಆಗಬೇಕು. ಇವೆರಡರ ನಡುವೆ ಐದು ನಿಮಿಷವಾದರೂ ಬಿಡಬೇಕು. ಈ ಐದು ನಿಮಿಷದ ಕಾರಣ ಹೇಳದೆ ಬರೀ ಅಪ್ಪಣೆ ಬರೆದರೆ ಯಾರೂ ಪಾಲಿಸುವುದಿಲ್ಲ, ನಾನಾದರೂ ಪಾಲಿಸುತ್ತಿರಲಿಲ್ಲ. ಬಾಟಲಿಯಿಂದ ಬೀಳುವ ಒಂದು ಹನಿ ಸಾಮಾನ್ಯವಾಗಿ 30ರಿಂದ 50 ಮೈಕ್ರೋಲೀಟರ್. ಕಣ್ಣಿನೊಳಗೆ ನಿಲ್ಲಲು ಇರುವ ಜಾಗ ಸುಮಾರು 30. ಅಂದರೆ ಒಂದೇ ಹನಿಗೆ ಕಣ್ಣು ತುಂಬಿಬಿಡುತ್ತದೆ. ಅದರ ಮೇಲೆ ತಕ್ಷಣ ಇನ್ನೊಂದು ಔಷಧ ಬಿಟ್ಟರೆ ಅದು ಮೊದಲನೆಯದನ್ನು ತೊಳೆದು ಕೆನ್ನೆಗೆ ಇಳಿಸುತ್ತದೆ. ಹಾಳೆಯಲ್ಲಿ ಇದು ಹೀಗೆ ಬಂತು: 'ತಕ್ಷಣ ಹಾಕಿದರೆ ಮೊದಲ ಔಷಧ ಕಣ್ಣಿನಿಂದ ಹೊರಗೆ ಹರಿದು ಹೋಗುತ್ತದೆ. ಐದು ನಿಮಿಷ ಕಳೆದ ಮೇಲೆ 2 ನಂಬರ್ ಬಾಟಲಿ. ಹತ್ತು ನಿಮಿಷವಾದರೂ ತೊಂದರೆಯಿಲ್ಲ.' ಈ ಕೊನೆಯ ಮಾತು ಚೀಟಿಯಲ್ಲಿ ಇರುವುದಿಲ್ಲ, ಆದರೆ ಇರಲೇಬೇಕು. ಇಲ್ಲದಿದ್ದರೆ ಕೆಲವರು ಗಡಿಯಾರ ನೋಡುತ್ತ ಕೂತು, ಐದು ನಿಮಿಷ ದಾಟಿತೆಂದು ಎರಡನೆಯ ಹನಿಯನ್ನೇ ಬಿಟ್ಟುಬಿಡುತ್ತಾರೆ.

ಇನ್ನೊಂದು ಸಂದೇಹ ಬರೆಯುವವರಿಗೆ ತೋಚುವುದಿಲ್ಲ, ಹಾಕಿಕೊಳ್ಳುವವರಿಗೆ ತೋಚುತ್ತದೆ. ಬಲಗಣ್ಣಿಗೆ ಹಾಕಿದ ಮೇಲೆ ಎಡಗಣ್ಣಿಗೂ ಐದು ನಿಮಿಷ ಕಾಯಬೇಕೆ? ಬೇಡ. ಒಂದೇ ಬಾಟಲಿಯನ್ನು ಎರಡು ಕಣ್ಣಿಗೂ ಒಂದರ ಹಿಂದೆ ಒಂದು ಹಾಕಬಹುದು, ಕಾಯಬೇಕಾದದ್ದು ಬಾಟಲಿ ಬದಲಿಸುವಾಗ ಮಾತ್ರ.

ಆ ಐದು ನಿಮಿಷದಲ್ಲಿ ಮೊದಲ ಎರಡು ನಿಮಿಷಕ್ಕೆ ಒಂದು ಕೆಲಸವಿದೆ. ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಕಣ್ಣೀರು ಮೂಗಿಗೆ ಇಳಿಯುವ ದಾರಿ ಅಲ್ಲೇ ಇದೆ. ಹನಿ ಹಾಕಿದ ಮೇಲೆ ಗಂಟಲು ಕಹಿಯಾಗುವುದು ಈ ದಾರಿಯಿಂದಲೇ. ಟಿಮೊಲಾಲ್ ಮೂಗಿನ ಮೂಲಕ ರಕ್ತಕ್ಕೆ ಸೇರಿದರೆ ನಾಡಿಬಡಿತ ನಿಧಾನವಾಗಬಹುದು, ಉಬ್ಬಸವಿದ್ದವರಿಗೆ ಉಸಿರು ಕಟ್ಟಬಹುದು. ಉಬ್ಬಸದವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. 'ಮೂಲೆ ಒತ್ತಿ' ಎಂದು ಬರೆದರೆ ಹೆಚ್ಚಿನವರು ಕನ್ನಡಕ ಕೂರುವ ಜಾಗವನ್ನು ಒತ್ತುತ್ತಾರೆ, ಕೆಲವರು ಕಣ್ಣುಗುಡ್ಡೆಯನ್ನೇ ಒತ್ತುತ್ತಾರೆ. ಅದಕ್ಕೆ 'ಬೆಳಿಗ್ಗೆ ಎದ್ದಾಗ ಪಿಸುರು ಕೂತಿರುವ ಜಾಗ' ಎಂದು ಬರೆದೆ. ಅಜ್ಜಿಯ ಬೆರಳು ನೇರ ಅಲ್ಲಿಗೇ ಹೋಯಿತು.

ಅಕ್ಷರದ ಬಗ್ಗೆಯೂ ಒಂದು ಮಾತು. ಗ್ಲಾಕೋಮಾದಲ್ಲಿ ಮಸುಕು ಅಕ್ಷರವನ್ನು ಹಿನ್ನೆಲೆಯಿಂದ ಬಿಡಿಸಿ ನೋಡುವ ಶಕ್ತಿ ಕುಗ್ಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತವೆ, ಇವರ ಕಣ್ಣಿಗೆ ಮೊದಲು ತಪ್ಪುವುದು ಅವೇ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡುತ್ತೇನೆ, ಅಚ್ಚ ಕಪ್ಪು ಶಾಯಿ ಬಳಸುತ್ತೇನೆ, ಒತ್ತು ಕಡಿಮೆಯಿರುವ ಮಾತು ಸಿಕ್ಕರೆ ಅದನ್ನೇ ಹಿಡಿಯುತ್ತೇನೆ. ಅಂಥದೊಂದು ಮಾತು ಸಿಕ್ಕ ದಿನ ಮನೆಗೆ ಹೋಗುವಾಗಲೂ ಅದನ್ನೇ ನೆನೆಯುತ್ತಿರುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು ಆ ಮೂರನೆಯ ಸಾಲು. ಹಾಳೆ ಓದಿಸಿಕೊಂಡು ಅಜ್ಜಿ ಕೇಳಿದರು: "ಪೊರೆ ತೆಗೆದಾಗ್ಲೂ ಹನಿ ಬಿಟ್ಕಂಡಿದ್ದೆ ಕಣವ್ವ, ಒಂದೂವರೆ ತಿಂಗಳಿಗೆ ಸಾಕು ಅಂದ್ರು. ಇದು ಎಷ್ಟು ದಿನ?" ಪ್ರಶ್ನೆಯ ಬೇರು ಅಲ್ಲಿದೆ. ನಮ್ಮ ಹಿರಿಯರಲ್ಲಿ ಬಹುತೇಕರಿಗೆ ಕಣ್ಣಿನ ಹನಿಯ ಮೊದಲ ಪರಿಚಯವಾಗುವುದು ಪೊರೆಯ ಆಪರೇಷನ್ ಆದ ಮೇಲೆ. ಆ ಹನಿ ಗಾಯ ಮಾಯುವವರೆಗೆ ಮಾತ್ರ, ಹಾಕಿದರೆ ಕಣ್ಣು ತಿಳಿಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ಗ್ಲಾಕೋಮಾದ ಹನಿ ಹಾಕಿದರೆ ನೋಟ ಸುಧಾರಿಸುವುದಿಲ್ಲ, ಬಿಟ್ಟರೆ ಅಂದೇ ಕೆಡುವುದೂ ಇಲ್ಲ. ಒತ್ತಡ ಏರಿ ನರ ಸವೆಯುವುದು ಒಳಗೊಳಗೇ, ಸಾಮಾನ್ಯವಾಗಿ ನೋವಿಲ್ಲದೆ. ಹೋದ ನೋಟ ಮರಳುವುದಿಲ್ಲ.

"ಬದುಕಿರುವವರೆಗೂ" ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಆ ವಯಸ್ಸಿನವರ ಕೈಗೆ ಕೊಡುವ ಹಾಳೆಯಲ್ಲಿ ಸಾವಿನ ನೆರಳು ಬೇಡ. "ಬಿಪಿ ಮಾತ್ರೆ ನುಂಗ್ತೀರಲ್ಲ ಅಜ್ಜಿ, ಅದರ ಹಾಗೆ" ಎಂದೆ. ಅವರಿಗೆ ತಟ್ಟನೆ ಹೊಳೆಯಿತು. ಹಾಳೆಯಲ್ಲಿ ಬರೆದದ್ದು: 'ಇದು ಬಿಪಿ ಮಾತ್ರೆಯಂತೆ ದಿನವೂ ಬೇಕಾದ ಔಷಧ. ಉಳಿದಿರುವ ನೋಟ ಕಾಯಲು ಹಾಕುವುದು. ಬಾಟಲಿ ಮುಗಿದರೆ ಔಷಧ ಮುಗಿಯಿತು ಎಂದಲ್ಲ. ತೆರೆದು ಒಂದು ತಿಂಗಳಾದರೆ ಉಳಿದಿದ್ದರೂ ಚೆಲ್ಲಿ, ಹೊಸದು ತನ್ನಿ. ಡಾಕ್ಟರು ಹೇಳದೆ ನಿಲ್ಲಿಸಬೇಡಿ.' ತೆರೆದ ತಾರೀಖನ್ನು ಬಾಟಲಿಯ ಮೇಲೆ ನಾನೇ ಬರೆದುಕೊಟ್ಟೆ, ಮುಂದಿನದಕ್ಕೆ ಮೊಮ್ಮಗ ಬರೆಯುತ್ತಾನೆ ಎಂದರು.

ಹಾಳೆ ಕೊಡುವ ಮೊದಲು "ಅರ್ಥವಾಯಿತಾ?" ಎಂದು ನಾನು ಕೇಳುವುದಿಲ್ಲ, ಹೂಂ ಎನ್ನದವರು ಯಾರೂ ಇಲ್ಲ. "ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ನನಗೆ ಹೇಳಿ" ಎನ್ನುತ್ತೇನೆ. ಅಜ್ಜಿ ಬೆಳಗಿನದು ಹೇಳಿದರು, ರಾತ್ರಿಯದು ಹೇಳಿದರು, ಮೂಲೆ ಒತ್ತಿ ತೋರಿಸಿದರು. ಕೊನೆಗೆ, "ಮುಂದಿನ ಸಲ ಆಸ್ಪತ್ರೆಗೆ ಬರೋ ದಿವ್ಸ ಹಾಕಂಗಿಲ್ಲ ಅಲ್ವಾ?" ಎಂದರು. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದು ರೂಢಿ. ಹನಿ ಹಾಕದೆ ಬಂದರೆ ಒತ್ತಡ ಹೆಚ್ಚು ತೋರಿಸಬಹುದು, ಡಾಕ್ಟರು ಔಷಧ ಸಾಲದೆಂದು ಮೂರನೆಯ ಬಾಟಲಿ ಬರೆಯಬಹುದು. ಹಾಳೆ ವಾಪಸ್ ತೆಗೆದುಕೊಂಡು, ಕೆಳಗೆ ಉಳಿದಿದ್ದ ಜಾಗದಲ್ಲಿ ಇದನ್ನೂ ಸೇರಿಸಿದೆ: 'ಆಸ್ಪತ್ರೆಗೆ ಬರುವ ದಿನವೂ ಎಂದಿನಂತೆ ಹನಿ ಹಾಕಿಕೊಂಡೇ ಬನ್ನಿ. ಎಷ್ಟು ಗಂಟೆಗೆ ಹಾಕಿದಿರಿ ಎಂದು ಡಾಕ್ಟರಿಗೆ ಹೇಳಿ.' ಈಗ ಈ ಸಾಲು ನಾನು ಬರೆಯುವ ಎಲ್ಲರ ಹಾಳೆಯಲ್ಲೂ ಇರುತ್ತದೆ.