ಆರು ರೂಪಾಯಿ ಕಡಿಮೆ

ಮಳವಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಏಳನೇ ಕ್ಲಾಸಿನ ಕಿಟಕಿ ಕಟ್ಟೆ ಮೇಲೆ ಒಂದು ‘ಅಂಗಡಿ’ ಇಟ್ಟಿದ್ರು. ಕೇರಳದ ಶಾಲೆಗಳಲ್ಲಿ ಆನೆಸ್ಟಿ ಶಾಪ್ ಅಂತಾರಲ್ಲ, ಅದೇ. 20 ಪೆನ್ನು, ಒಂದಕ್ಕೆ 3 ರೂಪಾಯಿ, ಪಕ್ಕದಲ್ಲಿ ಬೀಗ ಹಾಕಿದ ಹುಂಡಿ. ಕಾಯೋರು ಯಾರೂ ಇಲ್ಲ.

ಶನಿವಾರ ಎಣಿಸಿದಾಗ 12 ಪೆನ್ನು ಖಾಲಿಯಾಗಿತ್ತು. 36 ರೂಪಾಯಿ ಇರಬೇಕಿದ್ದ ಹುಂಡಿಯಲ್ಲಿ ಸಿಕ್ಕಿದ್ದು 30. ಒಂದು ಪೆನ್ನು ನನ್ನ ಜೇಬಲ್ಲಿತ್ತು. ಬ್ಯಾಗ್ ಚೆಕ್ ಮಾಡ್ತಾರೆ ಅಂತ ಕಾಲು ನಡುಗ್ತಿತ್ತು. ಮೇಷ್ಟ್ರು ಬೋರ್ಡಿನ ಮೂಲೇಲಿ ‘6 ರೂ. ಕಡಿಮೆ’ ಅಂತ ಬರೆದು ಗಣಿತ ಶುರು ಮಾಡಿದ್ರು. ಅಷ್ಟೇ.

ಸೋಮವಾರ ಯಾರೂ ಬರೋ ಮುಂಚೆ ಹೋಗಿ 3 ರೂಪಾಯಿ ಹಾಕ್ದೆ. ಮುಂದಿನ ಶನಿವಾರ ನೋಡಿದ್ರೆ ಪೂರ್ತಿ ಆರೂ ಬಂದಿತ್ತು! ಉಳಿದ ಮೂರರ ಕಥೆಯನ್ನ ಒಬ್ಬ ಹುಡುಗಿ ತಾನಾಗೇ ಹೇಳಿದ್ಲು: “ನನ್ನತ್ರ ಐದರ ಕಾಯಿನ್ ಇತ್ತು ಸಾ, ಚಿಲ್ರೆ ಇರ್ಲಿಲ್ಲ. ಆಮೇಲ್ ಹಾಕನ ಅಂತ ಸುಮ್ನಿದ್ದೆ.”

ಅವಳದ್ದು ಚಿಲ್ಲರೆ ಸಮಸ್ಯೆ, ನನ್ನದು ಕಳ್ಳತನ. ಬ್ಯಾಗ್ ತಡಕಿದ್ದರೆ ಇಬ್ಬರೂ ಕಳ್ಳರೇ ಆಗ್ತಿದ್ವಿ. ಮೇಷ್ಟ್ರು ಹುಂಡಿ ಪಕ್ಕ ದಾರ ಕಟ್ಟಿ ಒಂದು ಬಾಕಿ ಪುಸ್ತಕ ನೇತುಹಾಕಿದ್ರು: ಹೆಸರು, ಬಾಕಿ, ತೀರಿಸಿದ ದಿನ. ಮೊದಲ ಸಾಲಲ್ಲಿ ಅವಳು ಬರೆದಳು. ಎರಡನೇದರಲ್ಲಿ, ದುಡ್ಡು ಹಾಕಿ ವಾರವಾಗಿದ್ರೂ, ನಾನು.