ಕಂಬಳಿ ಹೊತ್ತು ಮನಾಲಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಚಳಿ ಗೊತ್ತಿಲ್ಲ ಅಂದರೆ ನಮಗೆ ಸಿಟ್ಟು ಬರುತ್ತದೆ. ಡಿಸೆಂಬರಿನ ಬೆಳಗಿನ ಜಾವ ಅವರೆ ಹೊಲಕ್ಕೆ ಇಳಿದವರನ್ನು ಕೇಳಿ. ಒಂದು ಮಡಿಲು ಸೊಗಡಿನ ಕಾಯಿ ಕೀಳುವಷ್ಟರಲ್ಲಿ ಇಬ್ಬನಿಗೆ ಬೆರಳು ಮರಗಟ್ಟಿರುತ್ತದೆ. ಥರ್ಮಾಮೀಟರು ಮಾತ್ರ ನಮ್ಮ ಸಿಟ್ಟಿಗೆ ಸೊಪ್ಪು ಹಾಕುವುದಿಲ್ಲ. ನಮ್ಮ ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದೇ ರಾತ್ರಿ ಮನಾಲಿಯಲ್ಲಿ ಅದು ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ಆಕಾಶದಿಂದ ಗಟ್ಟಿಯಾಗಿ ಏನಾದರೂ ಬಿದ್ದದ್ದನ್ನು ನಾವು ನೋಡಿದ್ದರೆ ಅದು ಬೇಸಿಗೆಯ ಆಲಿಕಲ್ಲು ಮಾತ್ರ. ಅದೂ ಮಾವಿನ ಹೀಚು ಉದುರಿಸಲು ಬರುವಂಥದ್ದು.

ಆದರೂ ಈಚೆಗೆ ನಮ್ಮ ಕಡೆಯವರು ಹಿಮ ನೋಡಲು ಹೋಗುವುದು ಹೆಚ್ಚಾಗಿದೆ. ಹೊಸದಾಗಿ ಮದುವೆಯಾದವರು, ನಿವೃತ್ತ ಮೇಷ್ಟ್ರುಗಳು, ಕಡಲೆಕಾಯಿಗೆ ಒಳ್ಳೇ ರೇಟು ಸಿಕ್ಕ ವರ್ಷ ಕುಟುಂಬ ಸಮೇತ ಹೊರಡುವವರು ಎಲ್ಲರೂ ಹೋಗುತ್ತಾರೆ. ಹಿಂದೂಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ರೈಲಿನಲ್ಲಿ ಎರಡು ರಾತ್ರಿ ಕಳೆದು ದೆಹಲಿಗೆ ಇಳಿದು, ಅಲ್ಲಿಂದ ರಾತ್ರಿಯ ವೋಲ್ವೊದಲ್ಲಿ ಮನಾಲಿ ಸೇರುವುದು ನಮ್ಮವರ ರೂಢಿ. ನಾವೂ ಹಾಗೇ ಹೋದೆವು. ನಮ್ಮ ಜೊತೆ ದೊಡ್ಡಪ್ಪ, ದೊಡ್ಡಮ್ಮ, ಭಾವ ಮತ್ತು ಅವರ ಮಕ್ಕಳಿದ್ದರು. ದೊಡ್ಡಪ್ಪ ಎಲ್ಲರ ನಗೆಯನ್ನೂ ಲೆಕ್ಕಿಸದೆ ಶಿರಾ ಸಂತೆಯಲ್ಲಿ ಕೊಂಡ ಕರಿ ಕಂಬಳಿಯನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು.

ಪ್ರವಾಸದ ಏಜೆಂಟರು ಕೊಡುವ ಕಾಗದದಲ್ಲಿ ಮೊದಲ ದಿನ ಇಂತಿಷ್ಟು ಜಾಗ, ಎರಡನೇ ದಿನ ರೋಹ್ತಾಂಗ್, ಮೂರನೇ ದಿನ ಇನ್ನೆಲ್ಲೋ ಎಂದು ಬರೆದಿರುತ್ತದೆ. ಸುಮಾರು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆ ಚಳಿಗಾಲವಿಡೀ ಮುಚ್ಚಿರುತ್ತದೆ ಎನ್ನುವುದನ್ನು ಆ ಕಾಗದ ಹೇಳುವುದಿಲ್ಲ. ಹಿಮದ ಕಾಲದಲ್ಲಿ ಹೋಗಲು ಸಿಗುವುದು ಮನಾಲಿಯಿಂದ ಹದಿಮೂರು ಹದಿನಾಲ್ಕು ಕಿ.ಮೀ. ದೂರದ ಸೋಲಂಗ್. ರಸ್ತೆ ತೆರೆದಿದ್ದರೆ, 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಲಾಹೌಲದ ಸಿಸ್ಸು. ಇಷ್ಟೇ. ಈ ಎರಡಕ್ಕೆ ಮೂರು ದಿನ ಯಾಕೆ ಎಂದು ಭಾವ ಹೊರಡುವ ಮೊದಲೇ ತಕರಾರು ತೆಗೆದಿದ್ದರು. ಒಂದು ದಿನ ಶಿಮ್ಲಾಕ್ಕೆ ಹಾಕೋಣ ಅಂದಿದ್ದರು. ಹಾಕದೆ ಇದ್ದದ್ದು ಒಳ್ಳೆಯದಾಯಿತು. ಹಿಮ ನೋಡಲು ಹೋಗುವವರು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದೇ ಖಾಲಿ ದಿನ.

ಇದು ಪಾವಗಡದವರಿಗೆ ಬೇಗ ಅರ್ಥವಾಗುತ್ತದೆ. ಹಿಮವೂ ಪಾವಗಡದ ಮೋಡದ ಹಾಗೆಯೇ. ಕಟ್ಟುತ್ತದೆ, ಕವಿಯುತ್ತದೆ, ಪಕ್ಕದ ಊರಿಗೆ ಸುರಿದು ನಮ್ಮ ಊರನ್ನು ಬಿಟ್ಟು ಹೋಗುತ್ತದೆ. 2024ರ ಜನವರಿಯ ಬಹುಭಾಗ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮವೇ ಇರಲಿಲ್ಲ. ಸ್ಕೀ ಆಡಲು ಹೋದವರು ಒಣ ಹುಲ್ಲಿನ ಮೇಲೆ ಫೋಟೋ ತೆಗೆಸಿಕೊಂಡು ಬಂದರು. ಅದೇ ವರ್ಷದ ಕೊನೆಗೆ, ಕ್ರಿಸ್‌ಮಸ್ ಹೊತ್ತಿನಲ್ಲಿ, ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಹಿಮ ಸುರಿದು ಸುಮಾರು ಸಾವಿರ ವಾಹನಗಳು ರಸ್ತೆಯಲ್ಲೇ ಸಿಕ್ಕಿಕೊಂಡವು. ನಮಗೆ ಮುಂಗಾರು, ಹಿಂಗಾರು ಇರುವಂತೆ ಅಲ್ಲಿನ ಚಳಿಗಾಲದ ಮಳೆ ಹಿಮಗಳನ್ನು ಮೆಡಿಟರೇನಿಯನ್ ಕಡೆಯಿಂದ ಹೊರಡುವ ಗಾಳಿಯ ಸುಳಿಗಳು ತರುತ್ತವೆ. ಹವಾಮಾನ ಇಲಾಖೆಯವರು ಅದನ್ನು ಪಶ್ಚಿಮದ ಕ್ಷೋಭೆ ಎನ್ನುತ್ತಾರೆ. ಒಂದು ಸುಳಿ ಬಂದು ಹೋದ ಮೇಲೆ ಇನ್ನೊಂದಕ್ಕೆ ಕಾಯಬೇಕು. ಮನಾಲಿ ಪೇಟೆಯೊಳಗೇ ಹಿಮ ಬೀಳುವುದನ್ನು ನೋಡಬೇಕೆಂದರೆ ಡಿಸೆಂಬರಿಗಿಂತ ಜನವರಿ, ಫೆಬ್ರವರಿಯೇ ಮೇಲು. ಆದರೂ ಖಾತ್ರಿಯಿಲ್ಲ.

ಹೋದ ದಿನ ನೀಲಿ ಆಕಾಶ, ಕಣ್ಣು ಕುಕ್ಕುವ ಬಿಸಿಲು. ರಾತ್ರಿ ಬಸ್ಸಿನಲ್ಲಿ ತಿರುವುಗಳನ್ನು ಎಣಿಸಿ ಹೊಟ್ಟೆ ತೊಳಸಿಕೊಂಡಿದ್ದ ದೊಡ್ಡಮ್ಮ ಮಧ್ಯಾಹ್ನದವರೆಗೂ ರಗ್ಗಿನಿಂದ ಹೊರಗೆ ಬರಲಿಲ್ಲ. ಸಂಜೆ ನಿಧಾನವಾಗಿ ದೇವದಾರು ಮರಗಳ ನಡುವಿನ ಹಿಡಿಂಬೆಯ ಗುಡಿಗೆ ಹೋಗಿ ಬಂದೆವು. 1553ರಲ್ಲಿ ಕಟ್ಟಿದ ಮರದ ಗುಡಿ ಅದು. ಮಹಾಭಾರತದ ಹಿಡಿಂಬೆ ಅಲ್ಲಿ ದೇವತೆ ಎಂದು ತಿಳಿದು ದೊಡ್ಡಪ್ಪನಿಗೆ ಸಮಾಧಾನವಾಯಿತು. ಮೊದಲ ದಿನಕ್ಕೆ ಅಷ್ಟು ಸಾಕು. ಸುಮಾರು ಎರಡು ಸಾವಿರ ಮೀಟರಿನ ಮನಾಲಿಯಲ್ಲಿ ಎತ್ತರ ಹೆಚ್ಚಿನವರನ್ನು ಕಾಡುವುದಿಲ್ಲ. ಸುರಂಗದಾಚೆ ಮೂರು ಸಾವಿರ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ, ಊಟ ಸೇರುವುದಿಲ್ಲ. ಹಾಗಾದರೆ ಮಾತ್ರೆ ನುಂಗಿ ಅಲ್ಲೇ ಕೂರದೆ ಕೆಳಗೆ ಇಳಿದುಬಿಡುವುದೇ ಮದ್ದು.

ಆ ರಾತ್ರಿ ನಕ್ಷತ್ರಗಳೆಲ್ಲ ಕಾಣುತ್ತಿದ್ದವು. ಚಳಿ ಮೂಳೆಗೆ ಇಳಿಯಿತು. ಮಾರನೇ ದಿನ ಮಧ್ಯಾಹ್ನ ಮೋಡ ಕವಿದು ಚಳಿ ಸ್ವಲ್ಪ ಸಡಿಲವಾಯಿತು. “ಸೆಕೆ ಬಂತು ಕಣಯ್ಯ, ಇನ್ನೆಲ್ಲಿ ಹಿಮ?” ಎಂದು ದೊಡ್ಡಪ್ಪ ಸ್ವೆಟರಿನ ಗುಂಡಿ ಬಿಚ್ಚಿದರು. ಹೋಟೆಲಿನ ಹುಡುಗ ಮಾತ್ರ ಬೆಟ್ಟದ ತುದಿ ಮರೆಯಾದದ್ದನ್ನು ತೋರಿಸಿ, ರಾತ್ರಿಗೆ ಬೀಳುತ್ತದೆ ಎಂದ. ಅವನ ಮಾತೇ ನಿಜವಾಯಿತು. ಬಯಲಾದ ಆಕಾಶದಲ್ಲಿ ನೆಲದ ಕಾವೆಲ್ಲ ಮೇಲೆ ಹಾರಿಹೋಗಿ ರಾತ್ರಿ ಕೊರೆಯುತ್ತದೆ. ಮೋಡ ಬಂದರೆ ಆ ಕಾವು ಕೆಳಗೇ ಉಳಿಯುತ್ತದೆ. ಹಿಮ ಬೀಳಲು ಸೊನ್ನೆಯ ಆಚೀಚೆ ಇದ್ದರೆ ಸಾಕು, ಜೊತೆಗೆ ತೇವ ಬೇಕು. ಮೊದಲು ಸಣ್ಣ ಮಳೆ ಹನಿಯಿತು. ಆಮೇಲೆ ಹನಿಗಳ ನಡುವೆ ಬಿಳಿ ಚೂರುಗಳು ಬಂದವು. ಕಿಟಕಿಯ ಸರಳಿನ ಮೇಲೆ ಬೆರಳುದ್ದ ಕೂತಾಗ ಮಕ್ಕಳು ಕಿರುಚಿದರು.

ಬಿದ್ದ ಮೇಲೆ ಎಲ್ಲರಿಗೂ ಆಗುವ ನಿರಾಸೆಯೊಂದಿದೆ. ಹಿಮ ಸುರಿದ ದಿನ ಎಲ್ಲಿಗೂ ಹೋಗಲಾಗುವುದಿಲ್ಲ. ರಸ್ತೆಯನ್ನು ತೆರವು ಮಾಡುವವರೆಗೆ ಪೊಲೀಸರು ಸಾಮಾನ್ಯ ಟ್ಯಾಕ್ಸಿಗಳನ್ನು ದಾರಿಯಲ್ಲೇ ತಡೆಯುತ್ತಾರೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿಗಳನ್ನಷ್ಟೇ ಬಿಡುತ್ತಾರೆ. ನಾವು ಬೀದಿಯಲ್ಲೇ ಆಡಿದೆವು. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಅದೇ ಒಳ್ಳೆಯ ದಿನ. ದುಡ್ಡಿನ ಖರ್ಚೂ ಇಲ್ಲ.

ಮಧುಗಿರಿಯವರಿಗೆ ಬೆಟ್ಟ ಹತ್ತುವ ಜಂಬವಿದೆ. ಏಕಶಿಲೆಯ ಇಳಿಜಾರಿನಲ್ಲಿ, ಕೊರೆದ ಗುಳಿಗಳಿಗೆ ಬೆರಳು ಕೊಟ್ಟು ಬರಿಗಾಲಲ್ಲಿ ಹತ್ತಿ ಬೆಳೆದವರು ನಾವು. ಭಾವ ಆ ಜಂಬದಲ್ಲೇ ಜೇಬಿಗೆ ಕೈ ಹಾಕಿಕೊಂಡು ಸಮತಟ್ಟಾದ ಮಾಲ್ ರಸ್ತೆಯಲ್ಲಿ ಹೆಜ್ಜೆ ಹಾಕಿ ಅಂಗಾತ ಬಿದ್ದರು. ಬಂಡೆಯನ್ನು ಕಾಲು ಹಿಡಿಯುತ್ತದೆ, ಜನ ತುಳಿದು ಗಟ್ಟಿಯಾದ ಹಿಮವನ್ನು ಹಿಡಿಯುವುದಿಲ್ಲ. ಹಿಮ್ಮಡಿ ಊರದೆ ಇಡೀ ಪಾದವನ್ನು ಒಮ್ಮೆಗೇ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆ ಇಡಬೇಕು. ಕೈ ಹೊರಗಿರಬೇಕು. ಅಪಾಯದ ಹೊತ್ತು ಸಂಜೆ ನಾಲ್ಕರ ನಂತರ. ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಆಗ ಮತ್ತೆ ಹೆಪ್ಪುಗಟ್ಟಿ ಡಾಂಬರಿನ ಮೇಲೆ ಗಾಜಾಗುತ್ತದೆ. ಕಣ್ಣಿಗೆ ಬರೀ ಒದ್ದೆ ರಸ್ತೆ. ಸೋಲಂಗ್‌ನಿಂದ ಮೂರು ಗಂಟೆಗೇ ಹೊರಡಿ ಎಂದು ಡ್ರೈವರ್ ಅವಸರ ಮಾಡಿದರೆ ಅವನ ಮಾತು ಕೇಳಬೇಕು.

ಸೋಲಂಗ್ ದಾರಿಯುದ್ದಕ್ಕೂ ಹಿಮದ ಉಡುಪು, ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಆ ಅಂಗಿ ನೀರು, ಗಾಳಿ ತಡೆಯುತ್ತದೆಯೇ ಹೊರತು ಬೆಚ್ಚಗಿಡುವುದಿಲ್ಲ. ಬೆಚ್ಚಗಿಡಬೇಕಾದ್ದು ಒಳಗಿನ ಉಣ್ಣೆ. ಬೂಟನ್ನು ತಿರುಗಿಸಿ ತಳದ ಗೀರು ಸವೆದಿದೆಯೇ ನೋಡಬೇಕು. ಎರಡು ಜೊತೆ ಕಾಲುಚೀಲ ಹಾಕಿ ಬೂಟು ಬಿಗಿಯಾದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ದಪ್ಪದ್ದು ಒಂದೇ ಜೊತೆ ಸಾಕು. ಹತ್ತಿ ಬನಿಯನ್ ಬೆವರಿಗೆ ಒದ್ದೆಯಾದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಇಲ್ಲಿ ದೊಡ್ಡಪ್ಪ ಗೆದ್ದರು. ಕುರಿಯ ಉಣ್ಣೆ ತೇವ ಹೀರಿಕೊಂಡ ಮೇಲೂ ಬೆಚ್ಚಗೇ ಇರುತ್ತದೆ. ನಮ್ಮ ಕುರಿಗಾಹಿಗಳು ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಸುಮ್ಮನೆ ಅಲ್ಲ.

ಆಟಗಳ ವಿಷಯ ಬೇಗ ಮುಗಿಸುತ್ತೇನೆ. ಸ್ಕೀ ಎಂದರೆ ಹೊಸಬರಿಗೆ ಒಬ್ಬ ಹುಡುಗ ಕೈ ಹಿಡಿದು ನಾಲ್ಕು ಮಾರು ಜಾರಿಸಿ ವಿಡಿಯೋ ತೆಗೆಯುವುದು. ಟೈರಿನ ಟ್ಯೂಬಿನಲ್ಲಿ ಜಾರುವುದರಲ್ಲಿ ಅದಕ್ಕಿಂತ ಹೆಚ್ಚು ಮಜಾ ಇದೆ. ಯಾವುದೇ ಆದರೂ ರೇಟು, ಎಷ್ಟು ಹೊತ್ತು, ಎಷ್ಟು ದೂರ ಎಂದು ಮೊದಲೇ ಮಾತಾಡಿಕೊಂಡಿರಬೇಕು. ಮಕ್ಕಳಿಗೆ ಹಿಮದ ಬೊಂಬೆ ಮಾಡಿಕೊಡುತ್ತೇನೆ ಎಂದು ಮಾತು ಕೊಡುವ ಮುನ್ನ ಒಂದು ಮುಷ್ಟಿ ಹಿಮ ಹಿಸುಕಿ ನೋಡಿ. ಉಂಡೆ ಕಟ್ಟಿದರೆ ಬೊಂಬೆಯಾಗುತ್ತದೆ. ಬೆರಳ ಸಂದಿಯಿಂದ ಸಕ್ಕರೆಯಂತೆ ಉದುರಿದರೆ ಅದು ತುಂಬಾ ತಣ್ಣಗಿನ ಒಣ ಹಿಮ, ಎಷ್ಟು ಒತ್ತಿದರೂ ನಿಲ್ಲದು. ಎರಡು ಗಂಟೆ ಆಡಿದರೆ ಕೈಗವಸು ಒದ್ದೆಯಾಗಿ ಮಕ್ಕಳು ಅಳುತ್ತಾರೆ. ಇನ್ನೊಂದು ಜೊತೆ ಚೀಲದಲ್ಲಿರಲಿ. ಕಪ್ಪು ಕನ್ನಡಕ ಶೋಕಿಗಲ್ಲ, ಹೊಸ ಹಿಮ ಬಿಸಿಲನ್ನು ಮುಕ್ಕಾಲಿಗೂ ಮಿಗಿಲಾಗಿ ಕಣ್ಣಿಗೇ ಎಸೆಯುತ್ತದೆ.

ರಾತ್ರಿಯ ಒಂದು ಎಚ್ಚರಿಕೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. ಚಳಿ ತಡೆಯದೆ ಯಾರಾದರೂ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಗೆ ತಂದುಕೊಟ್ಟರೆ ಖುಷಿಯಾಗುತ್ತದೆ. ಬಾಗಿಲು ಕಿಟಕಿ ಮುಚ್ಚಿ ಅದನ್ನು ಇಟ್ಟುಕೊಂಡು ಮಲಗಬಾರದು. ಇದ್ದಿಲು ಉರಿದು ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ಎಚ್ಚರವೇ ಆಗದಿರಬಹುದು. ಕರೆಂಟಿನ ಹಾಸಿಗೆ ಸಿಕ್ಕರೆ ಅದನ್ನೇ ಕೇಳಿ. ಬಚ್ಚಲಿನ ನಲ್ಲಿಯಿಂದ ಸಣ್ಣಗೆ ನೀರು ಸೋರಲು ಬಿಟ್ಟಿದ್ದರೆ ನಿಲ್ಲಿಸಬೇಡಿ, ಪೈಪು ಹೆಪ್ಪುಗಟ್ಟದಿರಲೆಂದು ಬಿಟ್ಟಿರುತ್ತಾರೆ. ನೀರು ಪೋಲಾಗುವುದನ್ನು ನೋಡಲಾಗದ ದೊಡ್ಡಮ್ಮ ಎದ್ದೆದ್ದು ತಿರುವುತ್ತಲೇ ಇದ್ದರು.

ಸಂಕ್ರಾಂತಿಯಂದು ನಮ್ಮಲ್ಲಿ ದನಗಳನ್ನು ಕಿಚ್ಚು ಹಾಯಿಸಿ, ತಮಟೆ ಬಡಿದು ಗದ್ದಲವೆಬ್ಬಿಸುತ್ತೇವೆ. ಮನಾಲಿ ಪಕ್ಕದ ಗೋಶಾಲ್ ಮತ್ತು ಸುತ್ತಲ ಹಳ್ಳಿಗಳಲ್ಲಿ ಅದೇ ಸಂಕ್ರಾಂತಿಯಿಂದ 42 ದಿನ ಸದ್ದೇ ಇಲ್ಲ. ದೇವತೆಗಳು ಸ್ವರ್ಗಕ್ಕೆ ಹೋಗಿರುತ್ತಾರೆ, ಅವರಿಗೆ ತೊಂದರೆಯಾಗಬಾರದು ಎಂದು ಊರವರು ಟಿವಿ ಹಾಕುವುದಿಲ್ಲ, ಹೊಲದ ಕೆಲಸವನ್ನೂ ಮಾಡುವುದಿಲ್ಲ. ಆ ಕಡೆ ಹೋಗುವವರು ಕಾರಿನ ಹಾಡು ನಿಲ್ಲಿಸಿ ಹೋಗುವುದು ಮರ್ಯಾದೆ.

ವಾಪಸು ಹೊರಡುವ ದಿನಕ್ಕೂ ರೈಲಿನ ದಿನಕ್ಕೂ ನಡುವೆ ಒಂದು ದಿನ ಬಿಡಿ. ಹೆಚ್ಚು ಹಿಮ ಬಿದ್ದರೆ ವೋಲ್ವೊ ಮನಾಲಿಗೆ ಹತ್ತಿ ಬರದೆ ಸುಮಾರು 15 ಕಿ.ಮೀ. ಕೆಳಗಿನ ಪತ್ಲಿಕುಹಲ್‌ನಲ್ಲೇ ನಿಲ್ಲುವುದುಂಟು. ಅಲ್ಲಿಯವರೆಗೆ ಲಗೇಜು ಹೊತ್ತು ಹೋಗುವ ಪಾಡು ನಮ್ಮದೇ. ದೆಹಲಿ ಸೇರಿದರೂ ಪೂರ್ತಿ ನಿಶ್ಚಿಂತೆಯಿಲ್ಲ. ಜನವರಿಯ ದಟ್ಟ ಮಂಜಿನಲ್ಲಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ಸ್ವೆಟರುಗಳನ್ನೆಲ್ಲ ಸೂಟ್‌ಕೇಸಿನ ತಳಕ್ಕೆ ತುಂಬಿ ಕೂತಿದ್ದ ಭಾವ, ಕೊನೆಗೆ, “ದೊಡ್ಡಪ್ಪಾ, ಆ ಕಂಬಳಿ ಒಂದು ಚೂರು ಈ ಕಡೆ ಎಳೀರಿ” ಅಂದರು.