ನೋಡುವ

ನಮ್ಮ ಕಡೆ ಸೇಲ್ಸ್ ಕೆಲಸಕ್ಕೆ ಇಳಿದವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ಪದ ‘ನೋಡುವ’. ತುಳುವಿನಲ್ಲಾದರೆ ‘ತೂಕ’. ಅದರಲ್ಲಿ ಬೇಕು ಎಂಬುದೂ ಉಂಟು, ಬೇಡ ಎಂಬುದೂ ಉಂಟು. ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲು ಇಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ.

ಮಾರ್ಚ್ ಎರಡನೇ ವಾರ ಅಲೆವೂರಿನ ಹತ್ತಿರದ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ನಮ್ಮ ಸಾಫ್ಟ್‌ವೇರಿನ ಡೆಮೊ ಕೊಟ್ಟೆ. ಸ್ಟಾಕ್, ಜಿಎಸ್‌ಟಿ ಬಿಲ್, ಸಂಬಳ ಎಲ್ಲ ತೋರಿಸಿದೆ. ಧನಿಗಳು ಚಾ ಕುಡಿಸಿ, “ಒಳ್ಳೇದುಂಟು, ನೋಡುವ” ಅಂದರು. ನನಗೆ ಕ್ವಾರ್ಟರ್ ಮುಗಿಯಲು ಮೂರೇ ವಾರ. ಹಿಂದಿನ ಎರಡು ಟಾರ್ಗೆಟ್ ತಪ್ಪಿತ್ತು. ಹತ್ತು ದಿನದಲ್ಲಿ ನಾಲ್ಕು ಮೆಸೇಜ್ ಹಾಕಿದೆ: “ಸರ್, ಏನಾಯ್ತು?” “ಸರ್, ಒಮ್ಮೆ ನೆನಪಿಸಿದ್ದು.” ನಾಲ್ಕಕ್ಕೂ ನೀಲಿ ಟಿಕ್, ಉತ್ತರ ಇಲ್ಲ.

ಒಂದು ರಾತ್ರಿ ಆ ನಾಲ್ಕನ್ನೂ ಸಾಲಾಗಿ ಓದಿದೆ. ಒಂದರಲ್ಲೂ ಅವರಿಗೆ ಬೇಕಾದ್ದು ಇರಲಿಲ್ಲ, ಇದ್ದದ್ದೆಲ್ಲ ನನ್ನ ಗಡಿಬಿಡಿ. ಡೆಮೊ ದಿನದ ನೋಟ್‌ಬುಕ್ ತೆಗೆದರೆ ಮೂಲೆಯಲ್ಲಿ ಒಂದು ಗೆರೆ: ರೈಟರ್ — ತುಂಡು ಎಲ್ಲಿ?

ಅವತ್ತು ಬಾಗಿಲ ಹತ್ತಿರ ನಿಂತಿದ್ದ ವಯಸ್ಸಾದ ರೈಟರ್ ಅದನ್ನು ಕೇಳಿದ್ದರು. ಅಲ್ಲಿ ಸಿಪ್ಪೆ ತೆಗೆಯುವ ಹೆಂಗಸರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಇಡಿ ಬೀಜಕ್ಕೆ ಒಂದು ರೇಟು, ತುಂಡಿಗೆ ಇನ್ನೊಂದು. ಅವರ ಪುಸ್ತಕದಲ್ಲಿ ಎರಡು ಕಾಲಂ, ನನ್ನ ಸ್ಕ್ರೀನಿನಲ್ಲಿ ಒಂದೇ. ನಾನು “ಅದೆಲ್ಲ ಮಾಡಬಹುದು” ಅಂತ ಹಾರಿಸಿಬಿಟ್ಟಿದ್ದೆ.

ಎರಡು ಕಾಲಂ ಮಾಡಿ, ಸ್ಕ್ರೀನಿನ ಫೋಟೋ ಕಳಿಸಿದೆ. ಜೊತೆಗೆ ಬರೆದೆ: “ರೈಟರ್ ಕೇಳಿದ್ದಕ್ಕೆ ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ, ಇದು ಉತ್ತರ. ಈಗ ಬೀಜ ಖರೀದಿಯ ಸಮಯ, ನಿಮಗೆ ಪುರುಸೊತ್ತಿರಲಿಕ್ಕಿಲ್ಲ. ಮತ್ತೆ ಯಾವಾಗ ಫೋನ್ ಮಾಡಲಿ? ಬೇಡದಿದ್ದರೆ ಬೇಡ ಅಂತ ಹೇಳಿ, ಬೇಜಾರಿಲ್ಲ.”

ಗಂಟೆಯೊಳಗೆ ಉತ್ತರ: “ಮಳೆ ಬರ್ಲಿ ಮಾರಾಯ್ರೆ.”

ಅಂದರೆ ಜೂನ್. ಆ ಕ್ವಾರ್ಟರೂ ಹೋಯಿತು. ಮ್ಯಾನೇಜರಿಗೆ ಮಳೆಯ ವಿಷಯ ವಿವರಿಸಿದ್ದು ಇನ್ನೊಂದು ಕತೆ, ಬಿಡಿ.

ನಡುವೆ ಒಂದೇ ಸಲ, ಮೇ ತಿಂಗಳಲ್ಲಿ, ಧನಿಗಳನ್ನು ಕೇಳಿ ರೈಟರಿಗೆ ಫೋನ್ ಮಾಡಿದೆ. ಹೆಸರು ಮುಚ್ಚಿ ಹಳೆಯ ಒಂದು ವಾರದ ಪುಟದ ಫೋಟೋ ಕಳಿಸುತ್ತೀರಾ ಅಂದೆ. ಕಳಿಸಿದರು. ಲೆಕ್ಕ ಹಾಕಿದರೆ ಒಟ್ಟು ಮೊತ್ತ ಕೆಲವು ರೂಪಾಯಿ ಹೆಚ್ಚುಕಡಿಮೆ. ತಪ್ಪು ನನ್ನದೇ. ಅವರು ವಾರದ ಕೊನೆಗೆ ಒಮ್ಮೆ ಮಾತ್ರ ಚಿಲ್ಲರೆ ತೆಗೆದು ರೂಪಾಯಿಗೆ ತರುತ್ತಿದ್ದರು, ನನ್ನ ಸಾಫ್ಟ್‌ವೇರ್ ದಿನಾ ತರುತ್ತಿತ್ತು. ಸರಿಮಾಡಿ, ತಪ್ಪನ್ನೂ ಹೇಳಿಯೇ ವಾಪಸ್ ಕಳಿಸಿದೆ. ಡೆಮೊದಲ್ಲಿ ಒಂದು ಗಂಟೆ ಮಾತಾಡಿ ಆಗದ್ದು ಆ ಒಂದು ಪುಟದಲ್ಲಿ ಆಯಿತು ಅಂತ ಈಗಲೂ ಅನಿಸುತ್ತದೆ.

ಮಳೆ ಹಿಡಿದ ಮೇಲೆ ಹೋದೆ. ಧನಿಗಳು, “ನನ್ನತ್ರ ಎಂತ ಕೇಳುದು, ರೈಟರತ್ರ ಕೇಳಿ” ಅಂದರು. ರೈಟರ್ ಕನ್ನಡಕ ಒರೆಸಿಕೊಂಡು ಪುಸ್ತಕವನ್ನೂ ಲ್ಯಾಪ್‌ಟಾಪನ್ನೂ ಪಕ್ಕಪಕ್ಕ ಇಟ್ಟರು.

“ಒಂದು ತಿಂಗಳು ಎರಡರಲ್ಲೂ ಬರೀತೇನೆ,” ಅಂದರು. “ಆಮೇಲೆ ನೋಡುವ.”